ಬಿದ್ದ ಎಲೆ ಎಲ್ಲಿಗೆ ಹೋಗುತ್ತದೆ? ಮಳೆಕಾಡು, ಸವನ್ನಾ, ಟಂಡ್ರಾ ಮತ್ತು ಕಡೂರಿನ ಒಂದು ಗುಂಡಿ

ನಮ್ಮ ಭಾವನ ಊರು ಕಡೂರಿನ ಹತ್ತಿರ. ಊರಿಗೆ ತಗುಲಿಕೊಂಡೇ ಒಂದು ಕಾವಲು ಇದೆ. ಹಿಂದೆ ಅಮೃತಮಹಲ್ ದನ ಮೇಯುತ್ತಿದ್ದ ಹುಲ್ಲುಗಾವಲು. ಮೂರು ವರ್ಷದ ಹಿಂದೆ ಅಲ್ಲಿ ಯಾರೋ ಒಂದು ಸಂಸ್ಥೆಯವರು ಸಾಲಾಗಿ ಗುಂಡಿ ತೋಡಿಸಿ ಗಿಡ ನೆಡಿಸಿದರು. ಗುಂಡಿ ತೋಡುವ ದಿನ ನಾನೂ ಅಲ್ಲಿದ್ದೆ. ಭಾವ ಒಂದು ಗುಂಡಿಯ ಅಂಚಿನಲ್ಲಿ ನಿಂತು ಕೇಳಿದರು: "ಮೇಷ್ಟ್ರೇ, ನೀವು ಭೂಗೋಳ ಪಾಠ ಮಾಡಿದವರು. ಇಲ್ಲಿ ಮೊದಲು ಕಾಡಿತ್ತಾ? ಕಾಡು ಹಾಳಾಗಿ ಹುಲ್ಲಾಯ್ತು ಅಂತ ಇವರು ಹೇಳ್ತಿದಾರಲ್ಲ?"

ನಾನು ಆವತ್ತು ಸರಿಯಾಗಿ ಉತ್ತರ ಕೊಡಲಿಲ್ಲ. ಗುಂಡಿಯ ಗೋಡೆಯನ್ನು ಮಾತ್ರ ನೋಡುತ್ತಾ ನಿಂತೆ. ಎರಡು ಅಡಿ ಆಳದ ಗುಂಡಿ. ಮೇಲಿನಿಂದ ತಳದವರೆಗೂ ಹುಲ್ಲಿನ ಬೇರು. ಕೂದಲಿನ ಹಾಗೆ ಸಣ್ಣ ಬೇರುಗಳು, ಹೆಣೆದ ಹಾಗೆ ಒತ್ತೊತ್ತಾಗಿ. ಮೇಲೆ ಹುಲ್ಲು ಮೊಣಕಾಲೆತ್ತರ ಕೂಡ ಇರಲಿಲ್ಲ. ಕೆಳಗೆ ಗುಂಡಿ ಮುಗಿದರೂ ಬೇರು ಮುಗಿದಿರಲಿಲ್ಲ.

ಮಳೆಕಾಡು, ಅಲ್ಲಲ್ಲಿ ಮರವಿರುವ ಹುಲ್ಲುಬಯಲಾದ ಸವನ್ನಾ, ಉತ್ತರ ಧ್ರುವದ ಕಡೆಯ ಮರವಿಲ್ಲದ ಚಳಿ ಬಯಲಾದ ಟಂಡ್ರಾ. ಮೂವತ್ತು ವರ್ಷ ಈ ಮೂರನ್ನು ಬೋರ್ಡಿನ ಮೇಲೆ ಕೋಷ್ಟಕ ಹಾಕಿ ಕಲಿಸಿದ್ದೇನೆ. ಒಂದು ಕಡೆ ಮಳೆ, ಇನ್ನೊಂದು ಕಡೆ ಗಿಡ, ಮತ್ತೊಂದು ಕಡೆ ಪ್ರಾಣಿ. ಮಕ್ಕಳು ಬಾಯಿಪಾಠ ಮಾಡಿ ಮಾರ್ಕ್ಸ್ ತೆಗೆದುಕೊಂಡರು. ಆದರೆ ಕೋಷ್ಟಕದಲ್ಲಿ ಒಂದು ಪ್ರಶ್ನೆ ಇರಲಿಲ್ಲ: ಒಂದು ಎಲೆ ಬಿದ್ದರೆ ಅದು ಎಲ್ಲಿಗೆ ಹೋಗುತ್ತದೆ, ಎಷ್ಟು ದಿನದಲ್ಲಿ ಹೋಗುತ್ತದೆ? ಈ ಒಂದು ಪ್ರಶ್ನೆಯನ್ನು ಹಿಡಿದು ಹೋದರೆ ಹವಾಮಾನ, ಗಿಡ, ಪ್ರಾಣಿ ಮೂರೂ ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಬರುತ್ತವೆ. ಭಾವನ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತದೆ.

ನಮ್ಮ ಚಿಕ್ಕಮಗಳೂರು ಜಿಲ್ಲೆಯ ಒಂದು ವಿಶೇಷ ಏನೆಂದರೆ, ಈ ಮೂರರಲ್ಲಿ ಎರಡನ್ನು ನೋಡಲು ಒಂದು ದಿನದ ಬಸ್ ಪ್ರಯಾಣ ಸಾಕು. ಶೃಂಗೇರಿ, ಕಳಸ, ಕುದುರೆಮುಖದ ಕಡೆ ಮಳೆಕಾಡು. ಅಲ್ಲಿಂದ ಪೂರ್ವಕ್ಕೆ ನೂರು ಕಿಲೋಮೀಟರ್ ಆಸುಪಾಸು ಬಂದರೆ ಕಡೂರು, ಬೀರೂರು, ಇನ್ನೂ ಸ್ವಲ್ಪ ಮುಂದೆ ಹಾಸನ ಜಿಲ್ಲೆಯ ಅರಸೀಕೆರೆ. ಶೃಂಗೇರಿಗೆ ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ. ಕಡೂರಿನಲ್ಲಿ 600ರ ಆಸುಪಾಸು. ಟಂಡ್ರಾ ಮಾತ್ರ ಇಲ್ಲಿಲ್ಲ. ಆದರೆ ಅಲ್ಲಿಂದ ಪ್ರತಿವರ್ಷ ನಮ್ಮ ಕೆರೆಗಳಿಗೆ ಒಬ್ಬ ಅತಿಥಿ ಬರುತ್ತಾನೆ. ಅವನ ವಿಷಯ ಮುಂದೆ ಹೇಳುತ್ತೇನೆ.

ಮೇಲೆಲ್ಲ ಸಿರಿ, ಕೆಳಗೆ ಬಡತನ

ಮಲೆನಾಡಿನವರಿಗೆ ದರಗು ಅಂದರೆ ಗೊತ್ತು. ಕಾಡಿನಲ್ಲಿ, ತೋಟದಲ್ಲಿ ಬಿದ್ದ ಒಣಗೆಲೆ. ಒಮ್ಮೆ ಕಾಡಿನಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಕಡ್ಡಿಯಿಂದ ದರಗನ್ನು ಪದರ ಪದರವಾಗಿ ಎತ್ತಿ ನೋಡಿ. ಮೊದಲ ಪದರ ಗರಿಗರಿ ಎಲೆ, ಆಕಾರ ಹಾಗೇ ಇದೆ. ಅದರ ಕೆಳಗಿನದ್ದು ಒದ್ದೆ, ಕಪ್ಪು, ಒಂದಕ್ಕೊಂದು ಅಂಟಿಕೊಂಡಿದೆ. ಮೂರನೆಯದರಲ್ಲಿ ಎಲೆಯ ನರ ಮಾತ್ರ ಬಲೆಯ ಹಾಗೆ ಉಳಿದಿದೆ, ಅದರ ಮೇಲೆ ಬಿಳಿ ನೂಲು ಓಡಾಡಿದೆ. ಅದು ಶಿಲೀಂಧ್ರ. ಇನ್ನೊಂದೆರಡು ಬೆರಳು ಕೆಳಗೆ ಹೋದರೆ ಕೆಂಪು ಮಣ್ಣು. ಅಷ್ಟೇ. ಇಷ್ಟೆತ್ತರದ ಮರ ನಿಂತಿರುವ ಕಡೆ ಕಪ್ಪು ಮಣ್ಣು ಮಾರುದ್ದ ಇರಬೇಕಿತ್ತು ಅಲ್ವಾ? ಇಲ್ಲ.

ಕಾರಣ ಬಿಸಿ ಮತ್ತು ತೇವ. ಮಳೆಕಾಡು ಅಂತ ಕರೆಯುವ ಜಾಗದಲ್ಲಿ ಅತಿ ತಂಪಾದ ತಿಂಗಳ ಸರಾಸರಿ ಕೂಡ 18 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಅಮೆಜಾನ್, ಕಾಂಗೋ, ಬೋರ್ನಿಯೋದಂಥ ಕಡೆ ವರ್ಷಕ್ಕೆ 2,000 ಮಿಲಿಮೀಟರ್ ಆಸುಪಾಸು ಅಥವಾ ಜಾಸ್ತಿ ಮಳೆ, ಅದೂ ಹೆಚ್ಚುಕಡಿಮೆ ವರ್ಷಪೂರ್ತಿ. ಇಂಥ ಕಡೆ ಶಿಲೀಂಧ್ರ, ಗೆದ್ದಲು, ಹುಳು, ಬ್ಯಾಕ್ಟೀರಿಯಾಗಳಿಗೆ ರಜೆಯೇ ಇಲ್ಲ. ಬಿದ್ದ ಎಲೆ ಕೆಲವು ತಿಂಗಳಲ್ಲಿ, ಹೆಚ್ಚೆಂದರೆ ಒಂದೆರಡು ವರ್ಷದಲ್ಲಿ ಮಾಯ. ಕೊಳೆತು ಬಿಡುಗಡೆಯಾದ ರಂಜಕ, ಪೊಟ್ಯಾಷ್, ಕ್ಯಾಲ್ಸಿಯಂ ಮಣ್ಣಿಗೆ ಇಳಿಯುವ ಮೊದಲೇ ಮರದ ಬೇರು ಹೀರಿಕೊಳ್ಳುತ್ತದೆ. ಅದಕ್ಕೇ ಮಳೆಕಾಡಿನ ಬೇರು ಆಳಕ್ಕಿಂತ ಜಾಸ್ತಿ ಮೇಲ್ಪದರದಲ್ಲೇ ಹರಡಿರುತ್ತದೆ. ಕೆಲವು ಬೇರಂತೂ ದರಗಿನ ಒಳಕ್ಕೇ ನುಗ್ಗಿರುತ್ತವೆ. ಬೇರಿಗೆ ಸಿಗದೆ ತಪ್ಪಿಸಿಕೊಂಡದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಸಾವಿರಾರು ವರ್ಷ ಹೀಗೆ ತೊಳೆದ ಮಣ್ಣಿನಲ್ಲಿ ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ. ಅದರ ಬಣ್ಣವೇ ನಮ್ಮ ಕೆಂಪು.

ಅಂದರೆ ಮಳೆಕಾಡಿನ ಆಸ್ತಿ ಇರುವುದು ಮಣ್ಣಿನಲ್ಲಲ್ಲ, ನಿಂತ ಮರದಲ್ಲಿ. ಅಮೆಜಾನ್ ಎಷ್ಟು ಬಡ ಮಣ್ಣಿನ ಮೇಲೆ ನಿಂತಿದೆ ಎಂದರೆ, ಅಟ್ಲಾಂಟಿಕ್ ದಾಟಿ ಸಹಾರಾ ಮರುಭೂಮಿಯಿಂದ ಹಾರಿಬರುವ ಧೂಳು ಅದಕ್ಕೆ ಗೊಬ್ಬರ. ಆ ಧೂಳಿನಲ್ಲಿ ವರ್ಷಕ್ಕೆ ಸುಮಾರು 22,000 ಟನ್ ರಂಜಕ ಅಲ್ಲಿಗೆ ಬಂದು ಬೀಳುತ್ತದೆ ಎಂದು ಉಪಗ್ರಹದ ಮಾಹಿತಿಯಿಂದ 2015ರಲ್ಲಿ ಲೆಕ್ಕ ಹಾಕಿದರು. ಮಳೆಯಲ್ಲಿ ತೊಳೆದುಹೋಗುವ ರಂಜಕವೂ ಹೆಚ್ಚುಕಡಿಮೆ ಅಷ್ಟೇ.

ನಮ್ಮ ಹಿರಿಯರಿಗೆ ಇದು ಪುಸ್ತಕ ಓದದೆಯೇ ಗೊತ್ತಿತ್ತು. ಕುಮರಿ ಬೇಸಾಯ ನೆನಪಿಸಿಕೊಳ್ಳಿ. ಕಾಡಿನ ಒಂದು ತುಂಡು ಕಡಿದು, ಸುಟ್ಟು, ಆ ಬೂದಿಯಲ್ಲಿ ರಾಗಿಯನ್ನೋ ಸಾಮೆಯನ್ನೋ ಬೆಳೆಯುತ್ತಿದ್ದರು. ಮೊದಲ ವರ್ಷ ಭರ್ಜರಿ ಫಸಲು. ಎರಡನೇ ವರ್ಷಕ್ಕೆ ಇಳಿಯಿತು, ಮೂರನೇ ವರ್ಷಕ್ಕೆ ಜಾಗ ಬಿಟ್ಟು ಹೊರಟರು. ಮೊದಲ ವರ್ಷ ಅವರು ಉಂಡದ್ದು ಮರದಲ್ಲಿದ್ದ ಗೊಬ್ಬರ. ಅದು ಮುಗಿದ ಮೇಲೆ ಮಣ್ಣಿನಲ್ಲಿ ಏನೂ ಇರಲಿಲ್ಲ.

ಪ್ರಾಣಿಗಳೂ ಆಸ್ತಿ ಇರುವ ಕಡೆಯೇ ಇರುತ್ತವೆ. ಎಲೆ, ಹೂ, ಹಣ್ಣು ಎಲ್ಲ ಮೇಲಿದೆ. ಕೆಳಗೆ ಬೆಳಕೇ ಬೀಳುವುದಿಲ್ಲ, ಹುಲ್ಲು ಬೆಳೆಯುವುದಿಲ್ಲ. ಹಾಗಾಗಿ ಕುದುರೆಮುಖದ ಸಿಂಗಳೀಕ ನೆಲಕ್ಕೆ ಇಳಿಯುವುದೇ ಅಪರೂಪ. ಕೆಂದಳಿಲು ಮರದಿಂದ ಮರಕ್ಕೆ ನೆಗೆಯುತ್ತದೆ. ಹಾರುವ ಓತಿ ಪಕ್ಕೆಯ ಚರ್ಮ ಬಿಚ್ಚಿ ತೇಲಿಕೊಂಡು ಹೋಗುತ್ತದೆ. ಮಂಗಟ್ಟೆ ಹಣ್ಣು ನುಂಗಿ ಬೀಜವನ್ನು ದೂರ ಹಾಕುತ್ತದೆ. ಮಳೆಕಾಡಿಗೆ ಹೋದ ಪ್ರವಾಸಿಗಳು "ಪ್ರಾಣಿಯೇ ಕಾಣಲಿಲ್ಲ, ಬರೀ ಇಂಬಳ ಕಚ್ಚಿತು" ಅಂತ ಬೇಸರ ಮಾಡಿಕೊಳ್ಳುತ್ತಾರೆ. ಪ್ರಾಣಿ ಇದ್ದವು. ನಮ್ಮ ತಲೆಯ ಮೇಲೆ ನೂರು ಅಡಿ ಎತ್ತರದಲ್ಲಿದ್ದವು.

ಒಂದು ಮಾತು ಇಲ್ಲೇ ಹೇಳಬೇಕು. ಮಳೆ ಎಷ್ಟು ಅನ್ನುವುದಕ್ಕಿಂತ ಎಷ್ಟು ತಿಂಗಳು ಅನ್ನುವುದು ಮುಖ್ಯ. ಆಗುಂಬೆಯ ಮಳೆ ಅಮೆಜಾನಿನ ಬಹುಪಾಲು ಜಾಗಕ್ಕಿಂತ ಜಾಸ್ತಿ. ಆದರೆ ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಕಾಡು ಒಣ ಕಾಲವನ್ನು ಸಹಿಸಬೇಕು. ದರಗು ಒಣಗುತ್ತದೆ, ಬೆಂಕಿ ಬಿದ್ದರೆ ಹತ್ತುತ್ತದೆ. ಇಲ್ಲಿನ ನಿತ್ಯಹಸಿರು ಮರಗಳ ತೊಗಟೆ ತೆಳು. ಧೂಪದ ಮರ, ನಾಗಸಂಪಿಗೆಯ ಸಸಿಗಳು ನೆಲಮಟ್ಟದ ಸಣ್ಣ ಬೆಂಕಿಗೂ ಸಾಯುತ್ತವೆ. ಈ ವಿಷಯ ಸವನ್ನಾದಲ್ಲಿ ತಲೆಕೆಳಗಾಗುತ್ತದೆ.

ರಾಗಿಯ ನೆಂಟರ ನಾಡು

ಕಡೂರಿನ ಕಾವಲಿಗೆ ಬನ್ನಿ. ಇಲ್ಲಿ ಬಿಸಿ ಇದೆ, ಆದರೆ ಏಳೆಂಟು ತಿಂಗಳು ತೇವ ಇಲ್ಲ. ನೀರಿಲ್ಲದೆ ಶಿಲೀಂಧ್ರ ಕೆಲಸ ಮಾಡುವುದಿಲ್ಲ. ಒಣಗಿದ ಹುಲ್ಲು ಕೊಳೆಯದೆ ಹಾಗೇ ನಿಂತಿರುತ್ತದೆ. ಹಾಗಾದರೆ ಅದು ಎಲ್ಲಿಗೆ ಹೋಗುತ್ತದೆ? ಮೂರು ದಾರಿ: ದನದ ಬಾಯಿ, ಗೆದ್ದಲ ಬಾಯಿ, ಇಲ್ಲವೇ ಬೆಂಕಿ. ಸವನ್ನಾ ಅನ್ನುವುದು ಈ ಮೂರರ ನಡುವಿನ ಹೊಂದಾಣಿಕೆ.

ಸವನ್ನಾದ ಹುಲ್ಲುಗಳಲ್ಲಿ ಬಹುಪಾಲು ರಾಗಿ, ಜೋಳ, ಕಬ್ಬಿನ ಗುಂಪಿನವು. ಇವು ಬಿಸಿಲಲ್ಲಿ, ಕಡಿಮೆ ನೀರಲ್ಲಿ ಆಹಾರ ಮಾಡಿಕೊಳ್ಳುವ ಬೇರೆಯೇ ವಿಧಾನ ಕಂಡುಕೊಂಡಿವೆ. ವಿಜ್ಞಾನಿಗಳು ಇವನ್ನು ಸಿ-ಫೋರ್ ಗಿಡ ಅನ್ನುತ್ತಾರೆ. ಭತ್ತ, ಕಾಫಿ, ಹಲಸು ಮತ್ತು ಹೆಚ್ಚುಕಡಿಮೆ ಎಲ್ಲ ಮರಗಳೂ ಸಿ-ತ್ರೀ. ಮಲೆನಾಡಿನವರು ಭತ್ತ ಉಣ್ಣುವುದು, ಬಯಲುಸೀಮೆಯವರು ರಾಗಿ ಉಣ್ಣುವುದು ಸುಮ್ನೆ ಆದದ್ದಲ್ಲ. ಈ ಸಿ-ತ್ರೀ, ಸಿ-ಫೋರ್ ವ್ಯತ್ಯಾಸವನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಬೆಂಕಿಯೋ ಬಾಯಿಯೋ ಮೇಲಿನದ್ದನ್ನು ಪ್ರತಿವರ್ಷ ತೆಗೆದುಬಿಡುವ ಕಡೆ ಬುದ್ಧಿವಂತ ಗಿಡ ಏನು ಮಾಡುತ್ತದೆ? ಗಂಟು ಕಟ್ಟಿ ನೆಲದೊಳಗೆ ಇಡುತ್ತದೆ. ಹುಲ್ಲಿನ ಬುಡ, ಬೇರು, ಗಡ್ಡೆ ಎಲ್ಲ ಕೆಳಗೆ. ಭಾವನ ಗುಂಡಿಯ ಗೋಡೆಯಲ್ಲಿ ನಾನು ನೋಡಿದ್ದು ಅದನ್ನೇ. ಅದು ಆ ಹುಲ್ಲುಗಾವಲಿನ ಖಜಾನೆ. ಮರಗಳಿದ್ದರೂ ದೂರ ದೂರ. ದಪ್ಪ ತೊಗಟೆ, ಮುಳ್ಳು, ಸುಟ್ಟರೂ ಬುಡದಿಂದ ಚಿಗುರುವ ಗುಣ. ನಮ್ಮ ಕಡೆಯ ಜಾಲಿ, ಆಫ್ರಿಕಾದ ಕೊಡೆಯಾಕಾರದ ಅಕೇಶಿಯಾ, ಎಲ್ಲ ಇದೇ ಜಾತಿಯ ಜಾಣರು.

ಮಳೆ ಕಡಿಮೆ ಇರುವುದಕ್ಕೇ ಮರ ಇಲ್ಲ ಅಂತ ಸುಲಭವಾಗಿ ಹೇಳಿಬಿಡಬಹುದು. ಅದು ಅರ್ಧ ಸತ್ಯ. ಬೆಂಗಳೂರಿನ ಎನ್‌ಸಿಬಿಎಸ್‌ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿರುವ ಮಹೇಶ್ ಶಂಕರನ್ ಮತ್ತು ಜೊತೆಗಾರರು ಆಫ್ರಿಕಾದ 800ಕ್ಕೂ ಹೆಚ್ಚು ಜಾಗಗಳ ಮಾಹಿತಿ ಸೇರಿಸಿ 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವರ್ಷಕ್ಕೆ ಸುಮಾರು 650 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಬೀಳುವ ಕಡೆ ಮರ ಎಷ್ಟು ಒತ್ತಾಗಬಹುದು ಅನ್ನುವುದನ್ನು ಮಳೆಯೇ ತೀರ್ಮಾನ ಮಾಡುತ್ತದೆ. ಅದಕ್ಕಿಂತ ಜಾಸ್ತಿ ಮಳೆಯ ಕಡೆ ಕಾಡು ಮುಚ್ಚಿಕೊಳ್ಳಲು ನೀರು ಸಾಕು. ಅಲ್ಲೂ ಹುಲ್ಲು ಉಳಿದಿದ್ದರೆ ಅದನ್ನು ಉಳಿಸಿರುವುದು ಬೆಂಕಿ ಮತ್ತು ಮೇಯುವ ಪ್ರಾಣಿ. ಆಫ್ರಿಕಾದ ಗೆರೆಯನ್ನು ಹಾಗೇ ತಂದು ಇಲ್ಲಿ ಎಳೆಯಲು ಬರುವುದಿಲ್ಲ, ಮಣ್ಣು ಬೇರೆ, ಮಳೆ ಬರುವ ರೀತಿ ಬೇರೆ. ಆದರೂ ಕಡೂರಿನ ಮಳೆ ಆ ಗೆರೆಯ ಹತ್ತಿರವೇ ಬರುತ್ತದೆ ಅನ್ನುವುದನ್ನು ಗಮನಿಸಿ.

ಬೆಂಕಿ, ಬಾಯಿ, ಮರ ಈ ಮೂರೂ ಹೇಗೆ ಒಂದಕ್ಕೊಂದು ಕಟ್ಟಿಕೊಂಡಿವೆ ಅಂತ ತೋರಿಸಲು ಟಾಂಜಾನಿಯಾದ ಸೆರೆಂಗೆಟಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕಥೆ ಶುರುವಾಗುವುದು ದನದ ರೋಗದಿಂದ. ನಮ್ಮ ಹಿರಿಯರು ದೊಡ್ಡರೋಗ ಅನ್ನುತ್ತಿದ್ದ ರಿಂಡರ್‌ಪೆಸ್ಟ್, 1890ರ ಹೊತ್ತಿಗೆ ಪೂರ್ವ ಆಫ್ರಿಕಾಕ್ಕೆ ನುಗ್ಗಿತು. ದನಗಳು ಸತ್ತವು, ದನವನ್ನು ನಂಬಿದ ಜನ ಹಸಿವಿನಿಂದ ಸತ್ತರು. ಗೆಜ್ಜೆ ಕಟ್ಟಿದ ಹಾಗೆ ಗುಂಪುಗುಂಪಾಗಿ ಓಡುವ ವಿಲ್ಡಬೀಸ್ಟ್ ಅನ್ನುವ ಕಾಡುಪ್ರಾಣಿಗಳು ಕೂಡ ಸತ್ತವು, ಅವೂ ಗೊರಸಿನ ಪ್ರಾಣಿಗಳೇ. ಆಮೇಲೆ ಹಲವು ದಶಕ ಆ ರೋಗ ಕರುಗಳನ್ನು ತಿನ್ನುತ್ತಲೇ ಇತ್ತು. ಸುತ್ತಲಿನ ಊರುಗಳ ದನಗಳಿಗೆ ಲಸಿಕೆ ಹಾಕಿದ ಮೇಲೆ, 1960ರ ದಶಕದಲ್ಲಿ ಕಾಡುಪ್ರಾಣಿಗಳಲ್ಲೂ ರೋಗ ನಿಂತಿತು. ಗಮನಿಸಿ, ಲಸಿಕೆ ಹಾಕಿದ್ದು ದನಕ್ಕೆ ಮಾತ್ರ.

1960ರ ದಶಕದ ಆರಂಭದಲ್ಲಿ ಎರಡೂವರೆ ಲಕ್ಷದ ಆಸುಪಾಸು ಇದ್ದ ವಿಲ್ಡಬೀಸ್ಟ್, 1970ರ ದಶಕ ಮುಗಿಯುವುದರೊಳಗೆ 13 ಲಕ್ಷದ ಮಟ್ಟಕ್ಕೆ ಏರಿದವು. ಅಷ್ಟು ಬಾಯಿ ಹುಲ್ಲು ತಿಂದ ಮೇಲೆ ಸುಡಲು ಒಣಹುಲ್ಲು ಉಳಿಯಲಿಲ್ಲ. ಬೆಂಕಿ ಕಡಿಮೆಯಾಯಿತು. ಬೆಂಕಿ ಕಡಿಮೆಯಾದ ಮೇಲೆ ಮರದ ಸಸಿಗಳು ಬದುಕಿ ಮೇಲೆದ್ದವು. ಮೊದಲು ಹೊಗೆಯಾಗಿ ಗಾಳಿಗೆ ಹೋಗುತ್ತಿದ್ದ ಇಂಗಾಲ ಮರದಲ್ಲಿ, ಮಣ್ಣಿನಲ್ಲಿ ಉಳಿಯಿತು. ಯಾರೂ ಅಲ್ಲಿ ಒಂದು ಗಿಡ ನೆಡಲಿಲ್ಲ. ದನಕ್ಕೆ ಸೂಜಿ ಚುಚ್ಚಿದರು, ಇಪ್ಪತ್ತು ವರ್ಷದ ಮೇಲೆ ಮರ ಬಂತು.

ಅದಕ್ಕೇ ಸವನ್ನಾದ ಪ್ರಾಣಿಗಳು ಮಳೆಕಾಡಿನವಕ್ಕಿಂತ ಬೇರೆ. ಆಹಾರ ನೆಲದ ಮಟ್ಟದಲ್ಲಿದೆ, ಬಯಲಲ್ಲಿದೆ. ಹಾಗಾಗಿ ಗುಂಪು, ಉದ್ದ ಕಾಲು, ದೂರದ ನೋಟ, ಓಟ. ಕಡೂರಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳಿವೆ, ಅವನ್ನು ಹಿಡಿಯುವ ತೋಳಗಳಿವೆ. ಕೃಷ್ಣಮೃಗವನ್ನು ಒಯ್ದು ಕುದುರೆಮುಖದ ಕಾಡಿನಲ್ಲಿ ಬಿಟ್ಟರೆ ಅದು ಬದುಕುವುದಿಲ್ಲ. ಕಾವಲಿನಲ್ಲಿ ಒತ್ತಾಗಿ ಅಕೇಶಿಯಾ, ನೀಲಗಿರಿ ನೆಟ್ಟರೆ ನಾವು ಮಾಡುವುದೂ ಅದನ್ನೇ. ಪ್ರಾಣಿ ಅಲ್ಲೇ ಇರುತ್ತದೆ, ಕಾಡು ಅದರ ಮೇಲೆ ಬರುತ್ತದೆ.

ಕೊಳೆಯದ ಎಲೆ

ಈಗ ಅತಿಥಿಯ ವಿಷಯ. ಚಳಿಗಾಲದಲ್ಲಿ ನಮ್ಮ ಬಯಲುಸೀಮೆಯ ಕೆರೆ ನೀರು ಹಿಂದೆ ಸರಿದಾಗ ಕೆಸರಿನ ಅಂಚಿನಲ್ಲಿ ಗುಬ್ಬಿ ಗಾತ್ರದ ಹಕ್ಕಿಗಳು ಗುಂಪಾಗಿ ಓಡಾಡುತ್ತವೆ. ಹೊಲಿಗೆ ಯಂತ್ರದ ಸೂಜಿಯ ಹಾಗೆ ಕೊಕ್ಕಿನಿಂದ ಕೆಸರು ಕುಕ್ಕುತ್ತವೆ. ಉಲ್ಲಂಕಿ ಜಾತಿಯ ಲಿಟ್ಲ್ ಸ್ಟಿಂಟ್. ತೂಕ ಮೂವತ್ತು ಗ್ರಾಂ ಮೀರುವುದು ಕಷ್ಟ. ಇದು ಮೊಟ್ಟೆ ಇಡುವುದು ರಷ್ಯಾ, ಸ್ಕ್ಯಾಂಡಿನೇವಿಯಾದ ಉತ್ತರ ತುದಿಯ ಟಂಡ್ರಾದಲ್ಲಿ. ಬೇಸಿಗೆ ಜೋರಾಗುವ ಹೊತ್ತಿಗೆ ಇಲ್ಲಿಂದ ಹೊರಟು, ಜೂನ್ ಹೊತ್ತಿಗೆ ಅಲ್ಲಿ ಗೂಡು ಮಾಡುತ್ತದೆ.

ಅಷ್ಟು ದೂರ ಯಾಕೆ ಹೋಗಬೇಕು? ಟಂಡ್ರಾದ ಬೇಸಿಗೆ ಎರಡು ತಿಂಗಳು ಚಿಲ್ಲರೆ. ಅತಿ ಬೆಚ್ಚಗಿನ ತಿಂಗಳ ಸರಾಸರಿಯೂ 10 ಡಿಗ್ರಿ ದಾಟುವುದಿಲ್ಲ. ಆದರೆ ಆಗ ಸೂರ್ಯ ಮುಳುಗುವುದೇ ಇಲ್ಲ, ನೆಲವೆಲ್ಲ ಜೌಗು, ಸೊಳ್ಳೆ ನೊಣಗಳ ಹಬ್ಬ. ಮರಿ ಬೆಳೆಸಲು ಅದಕ್ಕಿಂತ ಒಳ್ಳೆಯ ಊಟದ ಮನೆ ಬೇರೆ ಇಲ್ಲ. ಹಬ್ಬ ಮುಗಿದ ಕೂಡಲೇ ವಾಪಸ್. ಅಲ್ಲೇ ಉಳಿಯುವ ಪ್ರಾಣಿಗಳು ಕೆಲವೇ: ಹಿಮದ ಕೆಳಗೆ ಸುರಂಗ ಮಾಡಿಕೊಂಡಿರುವ ಲೆಮಿಂಗ್ ಇಲಿ, ಅದನ್ನು ತಿನ್ನುವ ಬಿಳಿ ನರಿ, ಕಲ್ಲುಹೂ ಕೆದಕಿ ತಿನ್ನುವ ಹಿಮಸಾರಂಗ.

ಟಂಡ್ರಾದ ಬಗ್ಗೆ ತರಗತಿಯಲ್ಲಿ ಮಕ್ಕಳು ನಂಬದ ಒಂದು ವಿಷಯ ಇತ್ತು. ಅಲ್ಲಿ ಬಹಳ ಕಡೆ ಬೀಳುವ ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ 150ರಿಂದ 250 ಮಿಲಿಮೀಟರ್. ಕಡೂರಿನ ಅರ್ಧಕ್ಕಿಂತ ಕಡಿಮೆ. ಆದರೂ ಬೇಸಿಗೆಯಲ್ಲಿ ಕಾಲಿಟ್ಟ ಕಡೆ ನೀರು. ಯಾಕೆಂದರೆ ಸ್ವಲ್ಪ ಕೆಳಗೆ ನೆಲ ಕಲ್ಲಿನ ಹಾಗೆ ಹೆಪ್ಪುಗಟ್ಟಿದೆ, ನೀರು ಇಂಗಲು ಜಾಗವಿಲ್ಲ. ಆವಿಯಾಗಲು ಬಿಸಿಲಿಗೆ ಶಕ್ತಿ ಇಲ್ಲ. ಈ ಹೆಪ್ಪುನೆಲವೇ ಪರ್ಮಾಫ್ರಾಸ್ಟ್. ಬೇಸಿಗೆಯಲ್ಲಿ ಮೇಲಿನ ಒಂದಡಿಯಿಂದ ಮೂರಡಿಯಷ್ಟು ಕರಗುತ್ತದೆ, ಅಷ್ಟರಲ್ಲೇ ಬೇರು ಬದುಕಬೇಕು. ಆದ್ದರಿಂದ ಮರ ಇಲ್ಲ. ವಿಲೋ ಅನ್ನುವ ಮರ ಅಲ್ಲಿ ಹಿಮಗಾಳಿಗೆ ತಲೆ ತಗ್ಗಿಸಿ ಗೇಣುದ್ದ ಬೆಳೆದು, ನೆಲದ ಮೇಲೆ ಬಳ್ಳಿಯ ಹಾಗೆ ಹರಡುತ್ತದೆ. ಉಳಿದದ್ದು ಪಾಚಿ, ಕಲ್ಲುಹೂ, ಹತ್ತಿಯ ಗುಂಜಿನಂಥ ಹೂ ಬಿಡುವ ಹುಲ್ಲು.

ಅಲ್ಲಿ ಎಲೆ ಬಿದ್ದರೆ? ಹೆಚ್ಚುಕಡಿಮೆ ಎಲ್ಲೂ ಹೋಗುವುದಿಲ್ಲ. ಚಳಿಗೆ ಶಿಲೀಂಧ್ರ ಕೈಕಟ್ಟಿ ಕೂತಿದೆ, ಜೌಗಿನಲ್ಲಿ ಗಾಳಿಯಾಡುವುದಿಲ್ಲ. ಬೆಳೆಯುವುದು ಬಹಳ ಕಡಿಮೆ, ಕೊಳೆಯುವುದು ಅದಕ್ಕಿಂತ ಕಡಿಮೆ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಉಳಿದು ಹೆಪ್ಪುನೆಲದೊಳಗೆ ಸೇರುತ್ತದೆ. ಎಷ್ಟು ಚೆನ್ನಾಗಿ ಉಳಿಯುತ್ತದೆ ಅಂದರೆ, ಸೈಬೀರಿಯಾದ ಕೊಲಿಮಾ ನದಿಯ ಹತ್ತಿರ ಹಳೆಯ ಅಳಿಲಿನ ಬಿಲದಲ್ಲಿ ಸಿಕ್ಕ ಕಾಯಿಯ ತಿರುಳಿನಿಂದ ರಷ್ಯಾದ ವಿಜ್ಞಾನಿಗಳು ಗಿಡ ಬೆಳೆಸಿದರು, ಅದು ಹೂವನ್ನೂ ಬಿಟ್ಟಿತು. ಆ ಕಾಯಿಗೆ ಸುಮಾರು 32,000 ವರ್ಷ. ಈ ಸುದ್ದಿ ಬಂದದ್ದು 2012ರಲ್ಲಿ. ನಮ್ಮ ಮಲೆನಾಡಿನಲ್ಲಿ ಒಂದು ಹಲಸಿನ ಎಲೆ ಎರಡು ಮಳೆಗಾಲ ಉಳಿಯುವುದಿಲ್ಲ.

ಹೀಗೆ ಕೂಡಿಟ್ಟ ಗಂಟು ಎಷ್ಟು? ಟಂಡ್ರಾ ಮತ್ತು ಅದರ ದಕ್ಷಿಣಕ್ಕಿರುವ ಹೆಪ್ಪುನೆಲದ ಕಾಡು ಸೇರಿ ಮಣ್ಣಿನಲ್ಲಿ ಸುಮಾರು 1.5 ಲಕ್ಷ ಕೋಟಿ ಟನ್ ಇಂಗಾಲ ಇದೆ ಎಂಬ ಅಂದಾಜಿದೆ. ಇಡೀ ವಾತಾವರಣದಲ್ಲಿ ಈಗ ಇರುವುದರ ಹತ್ತಿರ ಹತ್ತಿರ ಎರಡು ಪಟ್ಟು. ನೋಡಲು ಬೋಳು ನೆಲ.

ಬೆಂಕಿಯ ವಿಷಯಕ್ಕೆ ವಾಪಸ್ ಬರೋಣ. 2007ರಲ್ಲಿ ಅಲಾಸ್ಕದ ಅನಕ್ಟುವುಕ್ ನದಿಯ ಹತ್ತಿರ ಸಿಡಿಲಿನಿಂದ ಟಂಡ್ರಾಗೆ ಬೆಂಕಿ ಬಿತ್ತು. ಸಾವಿರ ಚದರ ಕಿಲೋಮೀಟರ್‌ಗಿಂತ ಜಾಸ್ತಿ ಸುಟ್ಟಿತು. ಸವನ್ನಾದಲ್ಲಿ ಬೆಂಕಿ ಬಿದ್ದರೆ ಆ ವರ್ಷದ ಹುಲ್ಲು ಸುಡುತ್ತದೆ, ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಲೆಕ್ಕ ಸರಿಹೋಯಿತು. ಇಲ್ಲಿ ಸುಟ್ಟದ್ದು ಮಣ್ಣೇ. ದಶಕಗಳಿಂದ ಕೂಡಿದ್ದ ಪಾಚಿ, ಎಲೆಯ ಮೇಲ್ಪದರ ಹೋಯಿತು. ಗಾಳಿಗೆ ಸೇರಿದ ಇಂಗಾಲ ಸುಮಾರು 21 ಲಕ್ಷ ಟನ್. ಇಡೀ ಉತ್ತರ ಧ್ರುವದ ಟಂಡ್ರಾ ಒಂದು ವರ್ಷದಲ್ಲಿ ಹೀರಿಕೊಳ್ಳುತ್ತಿದ್ದುದಕ್ಕೆ ಹೆಚ್ಚುಕಡಿಮೆ ಸಮ. ಅದರ ಮೇಲೆ ಇನ್ನೊಂದು ಏಟು: ಆ ಪಾಚಿಯ ಪದರ ಹೆಪ್ಪುನೆಲಕ್ಕೆ ಕಂಬಳಿಯ ಹಾಗೆ ಇತ್ತು. ಕಂಬಳಿ ಹೋದ ಮೇಲೆ ಬಿಸಿ ಇನ್ನೂ ಆಳಕ್ಕೆ ಇಳಿಯಿತು.

ಒಂದೇ ಬೆಂಕಿ. ಸವನ್ನಾಗೆ ಅದು ವರ್ಷದ ಲೆಕ್ಕಾಚಾರದ ಭಾಗ. ಮಳೆಕಾಡಿಗೆ ಮರದ ಸಾವು. ಟಂಡ್ರಾಗೆ ಹಳೆಯ ಗಂಟು ಕಳೆದುಹೋದ ಹಾಗೆ. "ಕಾಡ್ಗಿಚ್ಚು ಕೆಟ್ಟದ್ದು" ಅಥವಾ "ಗಿಡ ನೆಡುವುದು ಒಳ್ಳೆಯದು" ಅಂತ ಮೂರಕ್ಕೂ ಒಂದೇ ಮಾತು ಹೇಳಲು ಬರುವುದಿಲ್ಲ. ಈಗ ಆಗುತ್ತಿರುವ ತೊಂದರೆ ಇದೇ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಪ್ರಪಂಚದಲ್ಲಿ ಇನ್ನೂ 90 ಕೋಟಿ ಹೆಕ್ಟೇರಿನಷ್ಟು ಮರದ ನೆರಳಿಗೆ ಜಾಗ ಇದೆ ಎಂದಿತು. ಅದರಲ್ಲಿ ಸವನ್ನಾ, ಹುಲ್ಲುಗಾವಲು, ಟಂಡ್ರಾವನ್ನೂ ಮರ ಬರಬಹುದಾದ ಜಾಗ ಅಂತ ಸೇರಿಸಿದ್ದೀರಿ ಎಂದು ಹಲವು ವಿಜ್ಞಾನಿಗಳು ಅದೇ ವರ್ಷ ತಕರಾರು ತೆಗೆದರು. ಟಂಡ್ರಾದಲ್ಲಿ ಕಪ್ಪು ಮರ ಹಿಮದ ಮೇಲೆದ್ದರೆ ಬಿಸಿಲನ್ನು ಹೀರಿ ನೆಲವನ್ನು ಇನ್ನೂ ಕಾಯಿಸುತ್ತದೆ. ನಮ್ಮ ದೇಶದಲ್ಲೂ ಕುರುಚಲು, ಹುಲ್ಲು ಇರುವ ಎಷ್ಟೋ ಬಯಲುಗಳು ಸರ್ಕಾರಿ ನಕ್ಷೆಯಲ್ಲಿ ಬಂಜರು ಅನ್ನುವ ಪಟ್ಟಿಗೆ ಸೇರಿವೆ.

ಗುಂಡಿಯನ್ನು ಓದುವುದು ಹೇಗೆ

ಹಾಗಾದರೆ ಒಂದು ಬಯಲು ಮೊದಲಿನಿಂದಲೂ ಬಯಲೋ, ಕಾಡು ಕಡಿದು ಆದದ್ದೋ? ಎರಡೂ ಇವೆ. ಕುದುರೆಮುಖದ ಕಡೆ ಕಾಡು ಕಡಿದು ಬೋಳಾದ ಜಾಗವೂ ಉಂಟು, ಅಲ್ಲಿ ಕಾಡು ವಾಪಸ್ ಬರಬೇಕು. ಬೇರೆ ಬೇರೆ ಮಾಡಿ ಹೇಳಲು ದಾರಿ ಇದೆ.

ಮೊದಲು ಹುಲ್ಲನ್ನು ನೋಡಬೇಕು. ಹಳೆಯ ಹುಲ್ಲುಗಾವಲಿನಲ್ಲಿ ಬಹುವಾರ್ಷಿಕ ಹುಲ್ಲು, ಗಟ್ಟಿ ಬುಡ, ಆಳದ ಬೇರು. ಮೊದಲ ಮಳೆಗೆ ನೆಲದಿಂದ ನೇರ ಹೂ ಬಿಡುವ ಗಡ್ಡೆ ಗಿಡಗಳು. ಇವು ಬರಲು ನೂರಾರು ವರ್ಷ ಬೇಕು, ಒಮ್ಮೆ ಉತ್ತು ಹಾಳು ಮಾಡಿದರೆ ಸುಲಭಕ್ಕೆ ವಾಪಸ್ ಬರುವುದಿಲ್ಲ. ಹೊಸದಾಗಿ ಬೋಳಾದ ಜಾಗದಲ್ಲಿ ಲಂಟಾನ, ಯುಪಟೋರಿಯಂ, ಒಂದು ವರ್ಷ ಬಾಳುವ ಕಳೆಗಳು ಜಾಸ್ತಿ. ನೆರಳು ಕಂಡ ಕಡೆ ಕಾಡಿನ ಮರದ ಸಸಿಗಳು ತಾವೇ ಇಣುಕುತ್ತಿರುತ್ತವೆ.

ಆಮೇಲೆ ಪ್ರಾಣಿ. ಬಯಲಲ್ಲೇ ಬದುಕುವ, ಕಾಡಿಗೆ ಹೋಗದ ಪ್ರಾಣಿ ಅಲ್ಲಿದ್ದರೆ ಆ ಬಯಲು ಅದರಷ್ಟೇ ಹಳೆಯದು. ಕೃಷ್ಣಮೃಗ ನಿನ್ನೆ ಮೊನ್ನೆ ಹುಟ್ಟಿದ ಜಾತಿಯಲ್ಲ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಮಣ್ಣಿನೊಳಗಿದೆ. ಸಿ-ಫೋರ್ ಹುಲ್ಲು ಮತ್ತು ಸಿ-ತ್ರೀ ಮರ ಗಾಳಿಯಿಂದ ಇಂಗಾಲ ತೆಗೆದುಕೊಳ್ಳುವಾಗ ಭಾರದ ಇಂಗಾಲ ಮತ್ತು ಹಗುರ ಇಂಗಾಲದ ಪಾಲು ಬೇರೆ ಬೇರೆ ಇರುತ್ತದೆ. ಗಿಡ ಸತ್ತು ಮಣ್ಣಾದರೂ ಆ ಗುರುತು ಅಳಿಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಜೊತೆಗಾರರು ನೀಲಗಿರಿ ಬೆಟ್ಟದ ಜೌಗಿನ ಮಣ್ಣನ್ನು ಹೀಗೆ ಪರೀಕ್ಷೆ ಮಾಡಿ 1993ರಲ್ಲಿ ವರದಿ ಕೊಟ್ಟರು. ಆ ಜೌಗುಗಳಲ್ಲಿ ಟಂಡ್ರಾದ ಹಾಗೆಯೇ ಎಲೆ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತಿದೆ. 20,000 ವರ್ಷದ ಹಿಂದಿನ ಪದರದಲ್ಲೂ ಹುಲ್ಲಿನ ಗುರುತು ಸಿಕ್ಕಿತು. ಹವಾಮಾನ ಬದಲಾದ ಹಾಗೆ ಹುಲ್ಲು ಹೆಚ್ಚಾಯಿತು, ಕಡಿಮೆಯಾಯಿತು, ಆದರೆ ಅಲ್ಲಿ ಇತ್ತು. ಮನುಷ್ಯ ಕೊಡಲಿ ಹಿಡಿದು ಆ ಬೆಟ್ಟ ಹತ್ತುವುದಕ್ಕೆ ಬಹಳ ಮೊದಲು.

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ನೆತ್ತಿ ನೋಡಿದಾಗ ಇದು ನೆನಪಿಗೆ ಬರುತ್ತದೆ. 1,900 ಮೀಟರ್ ಆಸುಪಾಸಿನ ಎತ್ತರ, ಗಾಳಿ, ಬೋಳು ಹುಲ್ಲು, ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು. "ಟಂಡ್ರಾ ಇದ್ದ ಹಾಗಿದೆ" ಅಂತ ಒಬ್ಬ ಹಳೆಯ ವಿದ್ಯಾರ್ಥಿ ಅಲ್ಲಿ ನಿಂತು ಹೇಳಿದ. ನೋಟಕ್ಕೆ ಹೌದು. ಆದರೆ ಕೆಳಗೆ ಹೆಪ್ಪುನೆಲ ಇಲ್ಲ, ವರ್ಷಪೂರ್ತಿ ಗಿಡ ಬೆಳೆಯುತ್ತದೆ. ಮಳೆಗಾಲದಲ್ಲಿ ಬೆಟ್ಟದ ತಲೆಯ ಹುಲ್ಲು ನೀರು ಹಿಡಿದು ನಿಧಾನಕ್ಕೆ ಬಿಡುತ್ತದೆ, ಕೆಳಗಿನ ಹಳ್ಳಗಳು ಬೇಸಿಗೆಗೂ ಹರಿಯುತ್ತವೆ. ಅದು ಮೂರರಲ್ಲಿ ಯಾವ ಕೋಷ್ಟಕಕ್ಕೂ ಪೂರ್ತಿ ಕೂರದ ಜಾಗ.

ಭಾವನ ಊರಿನ ಕಾವಲಿಗೆ ಈ ಸಂಕ್ರಾಂತಿಗೆ ಮತ್ತೆ ಹೋಗಿದ್ದೆ. ನೆಟ್ಟ ಗಿಡಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಣಗಿವೆ. ಬದುಕಿದವು ಎದೆಯೆತ್ತರ. ಗುಂಡಿ ತೋಡಿ ಹೊರಗೆ ಹಾಕಿದ ಮಣ್ಣಿನ ದಿಬ್ಬದ ಮೇಲೆ ಹುಲ್ಲು ಬಂದಿಲ್ಲ, ಪಾರ್ಥೇನಿಯಂ ಬಂದಿದೆ. ಒಣಗಿದ ಗಿಡದ ಒಂದು ಗುಂಡಿಯಲ್ಲಿ ಕೈ ಹಾಕಿ ಗೋಡೆ ಕೆರೆದೆ. ಹಳೆಯ ಬೇರು ಇನ್ನೂ ಇದ್ದವು, ಆದರೆ ತುದಿ ಸತ್ತು ಬೆರಳಿಗೆ ಪುಡಿಯಾದವು. ಮೂರು ಮಾರು ಆಚೆ, ಗುಂಡಿ ತೋಡದ ಕಡೆ, ಹುಲ್ಲಿನ ಬುಡ ಹಿಡಿದು ಜಗ್ಗಿದೆ. ಕಿತ್ತು ಬರಲಿಲ್ಲ. ಭಾವ ನಿಂತು ನೋಡುತ್ತಿದ್ದರು. ಅವತ್ತು ಕೊಡದ ಉತ್ತರವನ್ನು ಆಗ ಕೊಟ್ಟೆ: "ಇಲ್ಲ ಭಾವ, ಇಲ್ಲಿ ಒತ್ತಾದ ಕಾಡಿತ್ತು ಅನ್ನೋದಕ್ಕೆ ಈ ಮಣ್ಣಲ್ಲಿ ನನಗೆ ಏನೂ ಕಾಣ್ತಿಲ್ಲ. ಇದು ಹುಲ್ಲಿನ ಜಾಗಾನೇ." ಅವರು ತಲೆಯಾಡಿಸಿ, ಉಳಿದ ಗುಂಡಿಗಳನ್ನು ಮುಚ್ಚಿಸಲು ಪಂಚಾಯಿತಿಗೆ ಅರ್ಜಿ ಬರೆದುಕೊಡಿ ಅಂದರು.